ದೀಪಾವಳಿಯ ಡ್ಯೂಟಿ ಚಾರ್ಟು

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಎರಡನೆಯ ಮಹಡಿ. ಐಸಿಯುವಿನ ಗಾಜಿನ ಬಾಗಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಇನ್‌ಚಾರ್ಜ್ ಸಿಸ್ಟರ್ ಒಂದು ಉದ್ದನೆಯ ರಿಜಿಸ್ಟರನ್ನು ಮೇಜಿನ ಮೇಲೆ ಹರವಿದ್ದಾರೆ. 2025ರ ಸೆಪ್ಟೆಂಬರಿನ ನಡುಭಾಗ, ಪಿತೃಪಕ್ಷದ ದಿನಗಳು. ಗಣಪತಿ ಹೋಗಿಯಾಗಿದೆ, ದಸರೆ ಇನ್ನೂ ಬಂದಿಲ್ಲ. ದೀಪಾವಳಿಗೆ ತಿಂಗಳಿಗೂ ಹೆಚ್ಚು ದಿನ ಇದೆ. ಆದರೂ ಮೇಜಿನ ಮೇಲಿನ ಹಾಳೆಯ ತಲೆಯಲ್ಲಿ ಅಕ್ಟೋಬರ್ 19ರಿಂದ 23ರವರೆಗಿನ ದಿನಾಂಕಗಳು ಆಗಲೇ ಕುಳಿತಿವೆ. ಒಳಗಿನಿಂದ ಮಾನಿಟರುಗಳ ಟಿಣ್ ಟಿಣ್ ಸದ್ದು. ಹೊರಗೆ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿರುವ ರೋಗಿಗಳ ಕಡೆಯವರು. ಎರಡು ಗಂಟೆ ಆಗುತ್ತಿದ್ದಂತೆ ಬೆಳಗಿನ ಪಾಳಿಯವರು ಹ್ಯಾಂಡೋವರ್ ಮುಗಿಸಿ, ಮಾಸ್ಕು ಕಳಚುತ್ತಾ, ಒಬ್ಬೊಬ್ಬರಾಗಿ ಈ ಕೋಣೆಗೆ ಬರುತ್ತಾರೆ.

"ದೀಪಾವಳಿಗೆ ರಜೆ ಬೇಕು ಅಂತ ಬರೀಬ್ಯಾಡ್ರಿ," ಅನ್ನುತ್ತಾರೆ ಇನ್‌ಚಾರ್ಜ್. "ನಿಮ್ಮ ಮನೆಯಾಗೆ ಯಾವ ಹೊತ್ತಿಗೆ ನೀವು ಇರಲೇಬೇಕು, ಅದನ್ನ ಬರೀರಿ."

ಈ ಒಂದು ಮಾತಿನಿಂದ ಆ ಚಾರ್ಟಿನ ಅರ್ಧ ಗಂಟು ಬಿಚ್ಚಿಕೊಳ್ಳುವುದನ್ನು ನಾನು ಪಕ್ಕದ ಸ್ಟೂಲಿನಲ್ಲಿ ಕುಳಿತು ನೋಡಿದೆ.

ನಮ್ಮ ಕಡೆ ದೀಪಾವಳಿ ಎಂಬುದು ಒಂದು ದಿನದ ಹಬ್ಬವಲ್ಲ. ಎಲ್ಲರ ಮನೆಯಲ್ಲೂ ಒಂದೇ ಹಬ್ಬವೂ ಅಲ್ಲ. ತುಮಕೂರಿನವಳಿಗೆ ನರಕ ಚತುರ್ದಶಿಯ ನಸುಕಿನ ಎಣ್ಣೆಸ್ನಾನ ತಪ್ಪಬಾರದು. ಉಳಿದದ್ದು ಆದರೆ ಆಯಿತು, ಹೋದರೆ ಹೋಯಿತು. ಹಾಸನದವಳದೂ ಅದೇ. ಹೊನ್ನಾಳಿ, ಹರಪನಹಳ್ಳಿ, ಜಗಳೂರು ಕಡೆಯ ಮೂವರದು ಒಕ್ಕಲುತನದ ಮನೆಗಳು. ಅವರಿಗೆ ಬಲಿಪಾಡ್ಯಮಿಯೇ ಹಬ್ಬ. ಅಂದು ಹಟ್ಟಿ ಹಾಕಬೇಕು, ದನಗಳ ಮೈ ತೊಳೆಯಬೇಕು, ಮನೆಯ ಹೆಣ್ಣುಮಕ್ಕಳು ಇರಬೇಕು. ದಾವಣಗೆರೆ ಪೇಟೆಯಲ್ಲೇ ಮನೆ ಇರುವ ನಾಲ್ವರಿಗೆ ಬೇಕಾದದ್ದು ಅಂಗಡಿ ಪೂಜೆಯ ಸಂಜೆ ಮಾತ್ರ. ರಾಣೆಬೆನ್ನೂರಿನವಳಿಗೆ ಈ ವರ್ಷ ಮದುವೆಯಾಗಿದೆ. ಮೊದಲ ದೀಪಾವಳಿಗೆ ಗಂಡನೊಂದಿಗೆ ತವರಿಗೆ ಹೋಗಬೇಕು, ಮೂರು ದಿನವೂ ಬೇಕು. ಬೀದರಿನವಳಿಗೆ ಊರು ಮುಟ್ಟಲು ಒಂದು ಇಡೀ ರಾತ್ರಿ, ಮರಳಲು ಇನ್ನೊಂದು ಇಡೀ ರಾತ್ರಿ. ನಡುವೆ ಒಂದು ದಿನ ಕೊಟ್ಟರೆ ಕೊಟ್ಟಂತೆಯೇ ಅಲ್ಲ.

ಹೀಗೆ ರಜೆ ಕೇಳಿದವರು ಹನ್ನೊಂದು ಮಂದಿ. ಘಟಕದಲ್ಲಿ ಇರುವವರು ಹದಿನೈದು. ಬರೀ "ದೀಪಾವಳಿ ರಜೆ" ಎಂದು ಹನ್ನೊಂದು ಚೀಟಿ ಬಂದಿದ್ದರೆ ನಾಲ್ವರೋ ಐವರೋ ಪಡೆದು, ಉಳಿದವರು ಮುಖ ಬಾಡಿಸಿಕೊಂಡು ಹೋಗುತ್ತಿದ್ದರು. ಯಾವ ಹೊತ್ತು ಎಂದು ಕೇಳಿದ ಮೇಲೆ ಆ ಹನ್ನೊಂದು ಚೀಟಿಗಳು ಭಾನುವಾರದಿಂದ ಬುಧವಾರದವರೆಗಿನ ನಾಲ್ಕು ದಿನಗಳ ಮೇಲೆ ಹರಡಿಕೊಂಡವು. ಪೇಟೆಯ ನಾಲ್ವರದಂತೂ ರಜೆಯ ಕೇಳಿಕೆಯೇ ಅಲ್ಲ ಎಂಬುದು ಬಯಲಾಯಿತು. ಅವರಿಗೆ ಪಾಳಿ ಬದಲಿಸಿದರೆ ಸಾಕು.

ಅಂಗಡಿ ಪೂಜೆಯ ಸಂಜೆ ಯಾವುದು ಎಂಬುದರಲ್ಲೂ ಈ ಸಲ ಒಂದು ತೊಡಕಿತ್ತು. ಅಮಾವಾಸ್ಯೆ 20ರ ಸೋಮವಾರ ಮಧ್ಯಾಹ್ನ ಹಿಡಿದು 21ರ ಮಂಗಳವಾರ ಸಂಜೆಗೆ ಮುಗಿಯುತ್ತಿತ್ತು. ಕೆಲವು ಮನೆಗಳಲ್ಲಿ ಸೋಮವಾರದ ಸಂಜೆಯೇ ಲಕ್ಷ್ಮೀಪೂಜೆ, ಕೆಲವು ಮನೆಗಳಲ್ಲಿ ಮಂಗಳವಾರ. ಸರ್ಕಾರಿ ರಜೆಯ ಪಟ್ಟಿಯಲ್ಲಿ ಇದ್ದದ್ದು ಸೋಮವಾರದ ನರಕ ಚತುರ್ದಶಿ ಮತ್ತು ಬುಧವಾರದ ಬಲಿಪಾಡ್ಯಮಿ. ನಡುವಿನ ಮಂಗಳವಾರ ರಜೆಯ ದಿನವೇ ಆಗಿರಲಿಲ್ಲ. ಸರ್ಕಾರಿ ಪಟ್ಟಿಯನ್ನು ಮಾತ್ರ ನೋಡಿ ಚಾರ್ಟು ಬರೆಯುವವರು ಎಡವುವುದು ಇಂಥಲ್ಲೇ. ಇನ್‌ಚಾರ್ಜ್ ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಿದರು: "ನಿಮ್ಮನ್ಯಾಗೆ ಯಾವ ಸಂಜಿ?" ಒಬ್ಬಳದು ಸೋಮವಾರ, ಇಬ್ಬರದು ಮಂಗಳವಾರ. ನಾಲ್ಕನೆಯವಳು, "ಯಾವ ಸಂಜೆಯಾದ್ರೂ ಏಳೂವರೆಗೆ ನಮ್ಮ ಪೂಜೆ ಮುಗೀತದೆ ಮೇಡಂ, ನನಗೆ ನೈಟ್ ಹಾಕಿಬಿಡ್ರಿ, ಹಗಲೆಲ್ಲ ಮನೆಯಾಗೆ ಮಕ್ಕಳ ಜೊತೆ ಇರ್ತೀನಿ" ಎಂದಳು. ಇಲ್ಲಿ ಬೆಳಗಿನ ಪಾಳಿ ಎಂಟರಿಂದ ಎರಡು, ಸಂಜೆಯದು ಎರಡರಿಂದ ಎಂಟು, ರಾತ್ರಿಯದು ಎಂಟರಿಂದ ಬೆಳಗಿನ ಎಂಟು. ಪೂಜೆ ಮುಗಿಸಿ, ಮಂಗಳಾರತಿ ತೆಗೆದುಕೊಂಡು ಬಂದರೂ ಹೊತ್ತು ಸರಿಹೋಗುತ್ತದೆ.

ಯಾರಿಗೆ ರಜೆ ಎಂದು ನೋಡುವ ಮೊದಲು ಕೆಲಸಕ್ಕೆ ಎಷ್ಟು ಮಂದಿ ಇರಲೇಬೇಕು ಎಂಬುದನ್ನು ಕಟ್ಟಬೇಕು. ಹೆಚ್ಚಿನ ಕಡೆ ಇದು ತಿರುವುಮುರುವಾಗುತ್ತದೆ. ಬಂದ ಅರ್ಜಿಗಳನ್ನು ಬಂದ ಹಾಗೆ ಒಪ್ಪುತ್ತಾ ಹೋಗಿ, ಆರೇಳು ಆದ ಮೇಲೆ ಗಾಬರಿಯಾಗಿ ಉಳಿದವರಿಗೆಲ್ಲ ಇಲ್ಲ ಎನ್ನುತ್ತಾರೆ. ಇಲ್ಲ ಎನ್ನಿಸಿಕೊಂಡವರ ತಪ್ಪು ಒಂದೇ, ತಡವಾಗಿ ಕೇಳಿದ್ದು. ನೈಟ್ ಡ್ಯೂಟಿಯಲ್ಲಿದ್ದು ಮೊದಲ ದಿನ ಕೇಳಲಾಗದೆ ಹೋದವಳೂ ಆ ಸಾಲಿನಲ್ಲಿ ಇರುತ್ತಾಳೆ, ಹೊಸದಾಗಿ ಸೇರಿ ಕೇಳಲು ಅಂಜಿದವಳೂ ಇರುತ್ತಾಳೆ.

ಈ ಘಟಕದಲ್ಲಿ ಎಂಟು ಹಾಸಿಗೆ. ಎರಡು ಹಾಸಿಗೆಗೆ ಒಬ್ಬ ನರ್ಸ್ ಎಂದರೆ ಪಾಳಿಗೆ ನಾಲ್ವರು, ದಿನಕ್ಕೆ ಹನ್ನೆರಡು ಡ್ಯೂಟಿ, ವಾರಕ್ಕೆ 84. ಒಬ್ಬೊಬ್ಬರು ವಾರಕ್ಕೆ ಆರು ಡ್ಯೂಟಿ ಮಾಡಿದರೆ ಹದಿನಾಲ್ಕು ಮಂದಿಗೆ ಸರಿಯಾಗುತ್ತದೆ. ಆದರೆ ಹದಿನಾಲ್ಕೇ ಇದ್ದರೆ ಒಬ್ಬಳಿಗೂ ವಾರದ ಆಫ್ ಬಿಟ್ಟು ಒಂದು ದಿನವೂ ರಜೆ ಸಿಗದು. ಅದಕ್ಕೇ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಶೇ 30ರಷ್ಟು ರಜಾ ಮೀಸಲು ಸೇರಿಸಬೇಕೆಂದಿದೆ. ಆ ಲೆಕ್ಕದಲ್ಲಿ ಇಲ್ಲಿ ಹದಿನೆಂಟು ಮಂದಿ ಬೇಕು. ಇರುವುದು ಹದಿನಾರು. ಅವರಲ್ಲಿ ಒಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ಹಬ್ಬದಲ್ಲಿ ಎಲ್ಲರಿಗೂ ರಜೆ ಕೊಡಲಾಗದಿದ್ದರೆ ಅದರ ಬೇರು ವರ್ಷವಿಡೀ ಇರುವ ಈ ಕೊರತೆಯಲ್ಲಿರುತ್ತದೆ. ಅದನ್ನು ಸಿಬ್ಬಂದಿಯ ಹಠ ಎಂದು ಹೇಳುವುದು ಅನ್ಯಾಯ.

ಕೊರತೆ ಅಕ್ಟೋಬರಿನೊಳಗೆ ತುಂಬುವಂತಿರಲಿಲ್ಲ. ಹಾಗಾಗಿ ಇನ್‌ಚಾರ್ಜ್ ಇನ್ನೊಂದು ತುದಿಯಿಂದ ಹಿಡಿದರು. ಶಸ್ತ್ರಚಿಕಿತ್ಸಕರ ಕೋಣೆಗೆ ಹೋಗಿ, ಹಬ್ಬದ ಹಿಂದಿನ ವಾರದ ಓಟಿ ಪಟ್ಟಿ ಕೇಳಿದರು. ದಿನ ಗೊತ್ತುಮಾಡಿ ಮಾಡುವ ದೊಡ್ಡ ಆಪರೇಷನ್‌ಗಳನ್ನು ಗುರುವಾರ, 16ರೊಳಗೆ ಮುಗಿಸಿದರೆ ಆ ರೋಗಿಗಳು ಭಾನುವಾರದ ಹೊತ್ತಿಗೆ ವಾರ್ಡಿಗೆ ಇಳಿದಿರುತ್ತಾರೆ. ಹೇಗೂ ಹಬ್ಬದ ದಿನಗಳಲ್ಲಿ ತಾವಾಗಿ ಆಪರೇಷನ್‌ಗೆ ಬರುವ ರೋಗಿಗಳು ಕಡಿಮೆ. ಆಗ ಐಸಿಯುವಿನಲ್ಲಿ ಆರು ಹಾಸಿಗೆಗೆ ಮಾತ್ರ ಸಿಬ್ಬಂದಿ ಸಾಕು. ಪಾಳಿಗೆ ಮೂವರು, ದಿನಕ್ಕೆ ಒಂಬತ್ತು. ಇದರ ಜೊತೆ ಊರಲ್ಲೇ ಇದ್ದು, ಕರೆದರೆ ಅರ್ಧ ಗಂಟೆಯೊಳಗೆ ಬರುವ ಒಬ್ಬ ಸ್ಟ್ಯಾಂಡ್‌ಬೈ. ಒಟ್ಟು ಹತ್ತು. ಏಳನೆಯ ಹಾಸಿಗೆ ತುಂಬಿದ ಕೂಡಲೇ ಸ್ಟ್ಯಾಂಡ್‌ಬೈಗೆ ಫೋನು ಹೋಗಬೇಕು, ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿರುವ ಹಿರಿಯ ನರ್ಸೇ ಮಾಡಬೇಕು, ಯಾರ ಅಪ್ಪಣೆಗೂ ಕಾಯಬೇಕಿಲ್ಲ ಎಂದು ಚಾರ್ಟಿನ ಅಡಿಯಲ್ಲೇ ಬರೆದರು.

ಎಲ್ಲ ವಿಭಾಗಕ್ಕೂ ಈ ಲೆಕ್ಕ ಹೊಂದುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕೆಳಗಿನ ಮಹಡಿಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ದೀಪಾವಳಿಯ ಸಂಜೆ ಕೆಲಸ ಏರುತ್ತದೆ. ಸುಟ್ಟ ಅಂಗೈ, ಕಣ್ಣಿಗೆ ಬಡಿದ ಕಿಡಿ, ಹೊಗೆಗೆ ಉಬ್ಬಸ ಹತ್ತಿದ ಅಜ್ಜಂದಿರು, ಎಲ್ಲ ಕತ್ತಲಾದ ಮೇಲೆ ಒಟ್ಟಿಗೆ ಬರುತ್ತಾರೆ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪ್ರತಿ ದೀಪಾವಳಿಗೂ ಪಟಾಕಿಯಿಂದ ಗಾಯಗೊಂಡವರಿಗೆಂದೇ ಹಾಸಿಗೆ ಮೀಸಲಿಟ್ಟು ಹಗಲು ರಾತ್ರಿ ವೈದ್ಯರನ್ನು, ನರ್ಸ್‌ಗಳನ್ನು ಇಡುತ್ತಾರೆ. ಹೀಗೆ ಒಂದೇ ಕಟ್ಟಡದಲ್ಲಿ ಒಂದು ಕಡೆ ಹೊರೆ ಇಳಿದರೆ ಇನ್ನೊಂದು ಕಡೆ ಏರುತ್ತದೆ. ಆಪರೇಷನ್ ನಿಂತು ಬಿಡುವಾದ ಓಟಿಯ ಇಬ್ಬರು ನರ್ಸ್‌ಗಳನ್ನು ಸಂಜೆ ಆರರಿಂದ ಹತ್ತರವರೆಗೆ ತುರ್ತು ವಿಭಾಗಕ್ಕೆ ಕೊಡುವುದೆಂದು ಇದೇ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅವರಿಗೆ ಒಂದು ವಾರ ಮೊದಲೇ ಅಲ್ಲಿನ ಕಪಾಟು, ಟ್ರಾಲಿ, ಔಷಧಿಗಳ ಜಾಗ ತೋರಿಸಿಟ್ಟರು. ಗಾಯಾಳು ಮುಂದೆ ಮಲಗಿರುವಾಗ ಗಾಜ್ ಬಟ್ಟೆ ಎಲ್ಲಿದೆ ಎಂದು ಹುಡುಕುವ ನರ್ಸ್ ಇದ್ದೂ ಇಲ್ಲದಂತೆ.

ಮತ್ತೆ ನಮ್ಮ ಐಸಿಯುವಿಗೆ. ಹದಿನೈದರಲ್ಲಿ ಹತ್ತು ಕಳೆದರೆ ಉಳಿಯುವುದು ಐದು. ಎಂದರೆ ದಿನಕ್ಕೆ ಐವರು ಊರು ಬಿಟ್ಟು ಹೋಗಬಹುದು. ದೂರದ ಊರಿನವರು ಏಳು ಮಂದಿ. ನಾಲ್ಕೂ ದಿನ ಏಳೂ ಮಂದಿಯನ್ನು ಕಳಿಸಲಾಗದು. ಪ್ರತಿದಿನ ಅವರಲ್ಲಿ ಇಬ್ಬರು ಕೆಲಸಕ್ಕೆ ಬೇಕು. ನಾಲ್ಕು ದಿನಕ್ಕೆ ಎಂಟು ಡ್ಯೂಟಿ ಈ ಏಳು ಜನರಿಂದ ಬರಬೇಕು. ಸಮಸ್ಯೆಯ ನಿಜವಾದ ಗಾತ್ರ ಇಷ್ಟೇ. "ಎಲ್ಲರೂ ಹೋದ್ರೆ ಆಸ್ಪತ್ರೆ ಹೆಂಗ್ರೀ ನಡೀಬೇಕು" ಎಂದು ಕೂಗಾಡುವುದಕ್ಕೂ, ಎಂಟು ಡ್ಯೂಟಿ ಯಾರು ಮಾಡುತ್ತೀರಿ ಎಂದು ಏಳು ಜನರ ಮುಂದೆ ಹಾಳೆ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ. ಎಂಟು ಎಂಬ ಅಂಕಿಯನ್ನು ಕಣ್ಣಾರೆ ಕಂಡ ಮೇಲೆ ಆ ಕೋಣೆಯ ಮಾತಿನ ಧಾಟಿಯೇ ಬೇರೆಯಾಯಿತು.

ರಾಣೆಬೆನ್ನೂರಿನ ಹೊಸ ಮದುವಣಗಿತ್ತಿ ಮೊದಲು ಬಾಯಿ ಬಿಟ್ಟಳು. "ಭಾನುವಾರ ಮಾರ್ನಿಂಗ್ ಮಾಡಿ, ಎರಡು ಗಂಟೆಗೆ ಬಸ್ ಹತ್ತಿದ್ರೆ ಸಂಜೆಯೊಳಗೆ ಮುಟ್ತೀನಿ ಮೇಡಂ." ತುಮಕೂರಿನವಳೂ ಭಾನುವಾರ ಬೆಳಗಿನ ಪಾಳಿಗೆ ಒಪ್ಪಿದಳು. ರಾತ್ರಿ ಊರು ಸೇರಿದರೆ ಸೋಮವಾರ ನಸುಕಿನ ಎಣ್ಣೆಸ್ನಾನಕ್ಕೆ ಸಾಕು. ಅವಳು ಮತ್ತು ಹಾಸನದವಳು ಮಂಗಳವಾರ ರಾತ್ರಿಗೆ ಮರಳಿ ಬುಧವಾರ ಕೆಲಸಕ್ಕೆ ನಿಂತರೆ, ಬಲಿಪಾಡ್ಯಮಿಯ ಮೂವರೂ ಆ ದಿನ ಊರಲ್ಲಿರಬಹುದು. ಆ ಮೂವರ ಪೈಕಿ ಹರಪನಹಳ್ಳಿಯವಳು ಸೋಮವಾರ ಬೆಳಿಗ್ಗೆ ಡ್ಯೂಟಿ ಮಾಡಿ ಹೊರಡುತ್ತಾಳೆ. ಹೊನ್ನಾಳಿಯವಳು ಸೋಮವಾರ, ಮಂಗಳವಾರ ಎರಡೂ ಬೆಳಿಗ್ಗೆ ಮಾಡಿ ಮಂಗಳವಾರ ಮಧ್ಯಾಹ್ನ ಹೊರಡುತ್ತಾಳೆ. ಜಗಳೂರಿನವಳದು ಇನ್ನೊಂದು ಬಗೆ. ಅವಳ ನೈಟ್ ಸರದಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಗಿಯುವಂತೆ ಇಟ್ಟರು. ಭಾನುವಾರ, ಸೋಮವಾರ ಅವಳಿಗೆ ನ್ಯಾಯವಾಗಿ ಬರಬೇಕಾದ ನೈಟ್ ಆಫ್. ಮಂಗಳವಾರ ಒಂದು ಬೆಳಗಿನ ಪಾಳಿ ಮಾಡಿ ಅವಳೂ ಊರಿಗೆ. ಬೀದರಿನವಳಿಗೆ ನಾಲ್ಕೂ ದಿನ ಬಿಡುವು.

ಎಣಿಸಿ ನೋಡಿದರೆ ಎಂಟು ಡ್ಯೂಟಿ ತುಂಬಿದೆ. ಹನ್ನೊಂದು ಜನ ಕೇಳಿದ್ದರು, ಹನ್ನೊಂದು ಜನಕ್ಕೂ ಅವರು ಬರೆದ ಆ ಹೊತ್ತು ಸಿಕ್ಕಿದೆ.

ಎರಡೆರಡು ಡ್ಯೂಟಿ ಬಿದ್ದದ್ದು ಹೊನ್ನಾಳಿಯವಳಿಗೆ ಮತ್ತು ತುಮಕೂರಿನವಳಿಗೆ. ಏಕೆ ಅವರಿಗೇ ಎಂಬುದಕ್ಕೆ ಉತ್ತರ ರಿಜಿಸ್ಟರಿನ ಹಿಂದಿನ ಪುಟದಲ್ಲಿತ್ತು. ಹೋದ ವರ್ಷದ ದೀಪಾವಳಿಗೆ ಪೂರ್ತಿ ರಜೆ ಪಡೆದವರು ಅವರಿಬ್ಬರು. ಬೀದರಿನವಳು ಹೋದ ವರ್ಷ ಹೋಗಲಾಗದೆ ಉಳಿದಿದ್ದಳು, ಈ ವರ್ಷದ ಗೌರಿ ಗಣೇಶಕ್ಕೂ ಹಾಸ್ಟೆಲಿನಲ್ಲೇ ಇದ್ದು ಬೇರೆಯವರ ಪಾಳಿ ಮಾಡಿದ್ದಳು. ಆ ಪುಸ್ತಕದಲ್ಲಿ ಹೆಸರಿನ ಎದುರು ಹಬ್ಬ, ಸಿಕ್ಕಿತು ಅಥವಾ ಸಿಗಲಿಲ್ಲ, ಸಿಗದಿದ್ದರೆ ಕಾರಣ, ಇಷ್ಟೇ ಬರೆಯುತ್ತಾರೆ. ಸೇವಾ ಹಿರಿತನಕ್ಕೆ ಅಲ್ಲಿ ಜಾಗವಿಲ್ಲ. ತಾನು ಇರಲೇಬೇಕೆಂದು ಬರೆದ ದಿನವನ್ನು ಒಬ್ಬಳು ಸತತ ಎರಡು ವರ್ಷ ಕಳೆದುಕೊಳ್ಳಬಾರದು ಎಂಬುದು ಅಲ್ಲಿನ ಏಕೈಕ ನಿಯಮ. ಪುಸ್ತಕ ಕೋಣೆಯ ಮೊಳೆಗೆ ನೇತುಬಿದ್ದಿರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಇಂಥದ್ದೊಂದು ಬೀಗದೊಳಗೆ ಇದ್ದರೆ ಎಷ್ಟು ನ್ಯಾಯವಾಗಿ ಬರೆದರೂ ನಂಬಿಕೆ ಹುಟ್ಟುವುದಿಲ್ಲ.

ಇನ್ನು ಏನೂ ಕೇಳದವರು ನಾಲ್ವರಿದ್ದರು. ಇಬ್ಬರು ಮಲಯಾಳಿ ನರ್ಸ್‌ಗಳು, ಮಂಗಳೂರಿನ ಒಬ್ಬ ಕ್ರೈಸ್ತ ಹುಡುಗಿ, ಇದೇ ಊರಿನ ಒಬ್ಬ ಮುಸ್ಲಿಂ ಹೆಣ್ಣುಮಗಳು. ನಾಲ್ಕೂ ದಿನ ಕೆಲಸ ಮಾಡುವವರು ಇವರು. ನನಗೆ ಬಹಳ ಕಾಳಜಿ ಇದ್ದದ್ದು ಇವರ ವಿಷಯದಲ್ಲೇ. "ನಿಮಗೆ ಹೇಗೂ ಹಬ್ಬ ಇಲ್ಲವಲ್ಲ" ಎಂಬ ಮಾತಿನಲ್ಲಿ ಎಷ್ಟೋ ಕಡೆ ಇಂಥವರ ರಜೆಯನ್ನು ಯಾರೂ ಕೇಳದೆ ತೆಗೆದುಕೊಂಡುಬಿಡುತ್ತಾರೆ. ಡಿಸೆಂಬರಿನಲ್ಲೋ ರಂಜಾನಿನಲ್ಲೋ ಅವರು ಬಂದು ಕೇಳುವ ಹೊತ್ತಿಗೆ ದೀಪಾವಳಿಯಲ್ಲಿ ಅವರು ನಿಂತದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಮದುವೆಯಾಗದ, ಹಾಸ್ಟೆಲಿನಲ್ಲಿರುವ ಹುಡುಗಿಯರ ಪಾಡೂ ಹೀಗೆಯೇ. ಅವರಿಗೆ ಸಂಸಾರವಿಲ್ಲ ಎಂದುಕೊಳ್ಳುವವರಿಗೆ ಅವರ ಅಪ್ಪ ಅಮ್ಮ ಬಾಗಿಲು ಕಾಯುತ್ತಿರುತ್ತಾರೆ ಎಂಬುದು ಹೊಳೆಯುವುದಿಲ್ಲ.

ಇಲ್ಲಿ ಆ ನಾಲ್ವರನ್ನೂ ಕರೆದು ಕೂರಿಸಿಕೊಂಡರು. ಮಲಯಾಳಿ ಇಬ್ಬರೂ ಸೆಪ್ಟೆಂಬರ್ 5ರ ಓಣಂಗೆ ಊರಿಗೆ ಹೋಗಿ ಬಂದಿದ್ದರು. ಆಗ ಅವರ ಪಾಳಿಯನ್ನು ಈ ಕಡೆಯವರು ಮಾಡಿದ್ದರು. "ಅದಕ್ಕೆ ನಾವು ನೈಟ್ ಮಾಡ್ತೇವೆ ಮೇಡಂ" ಎಂದು ಅವರೇ ಹೇಳಿದರು. ಪೇಟೆಯ ನಾಲ್ಕನೆಯವಳೊಡನೆ ಸೇರಿ ರಾತ್ರಿಯ ಮೂವರು ಆದರು. ಭಾನುವಾರ ರಾತ್ರಿ ಹಿಡಿದ ಸರದಿ ಗುರುವಾರ ಬೆಳಿಗ್ಗೆ ಮುಗಿಯುತ್ತದೆ. ಇದರಲ್ಲಿ ಒಂದು ಜಾಣತನವಿದೆ. ಹಬ್ಬದ ನಡುವೆ ನೈಟ್ ಸರದಿ ಬದಲಾದರೆ ಇಳಿದವರಿಗೆ ಆಫ್ ಕೊಡಬೇಕಾಗಿ, ಊರಿಗೆ ಹೋಗಬೇಕಾದವರ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸರದಿಯನ್ನು ಹಬ್ಬದ ಈ ತುದಿಯಿಂದ ಆ ತುದಿಗೆ ಹಾಸಿಬಿಟ್ಟರೆ ಆ ಸೋರಿಕೆ ನಿಲ್ಲುತ್ತದೆ. ಮಂಗಳೂರಿನವಳ ಎದುರು ಕ್ರಿಸ್ಮಸ್ ಎಂದೂ, ಮುಸ್ಲಿಂ ಸಿಸ್ಟರ್ ಎದುರು ಮುಂದಿನ ರಂಜಾನ್ ಎಂದೂ ಅಂದೇ ಬರೆದರು. ಚಂದ್ರದರ್ಶನದ ಮೇಲೆ ದಿನ ಹಿಂದೆ ಮುಂದೆ ಆಗುವುದರಿಂದ ಅವಳಿಗೆ ಸಾಲಾಗಿ ಎರಡು ದಿನ ಕಾದಿರಿಸಿದರು.

ಆ ಮಂಗಳೂರಿನ ಹುಡುಗಿ ಆಗ ಒಂದು ಮಾತು ತೆಗೆದಳು. "ಮೇಡಂ, ಹಬ್ಬಕ್ಕೆ ಹಾಸ್ಟೆಲ್ ಮೆಸ್ ಮುಚ್ಚುತ್ತಾರಲ್ಲ?" ಅಡುಗೆಯವರೂ ಊರಿಗೆ ಹೋಗುವವರೇ. ಉಳಿದವರು ಬ್ರೆಡ್ಡು, ಬಾಳೆಹಣ್ಣು ತಿಂದು ಹನ್ನೆರಡು ಗಂಟೆಯ ನೈಟ್ ಮಾಡಬೇಕು. ಚಾರ್ಟಿನಲ್ಲಿ ಕಾಣದ ಈ ಸಂಗತಿ ಮುಂದಿನ ವರ್ಷ ಯಾರೂ ಹಬ್ಬದ ಡ್ಯೂಟಿಗೆ ಒಪ್ಪದಂತೆ ಮಾಡಬಲ್ಲದು. ಅಡುಗೆಯ ಇಬ್ಬರಲ್ಲಿ ಒಬ್ಬರು ಮೊದಲ ಎರಡು ದಿನ, ಇನ್ನೊಬ್ಬರು ಕೊನೆಯ ಎರಡು ದಿನ ಇರುವಂತೆ ಆಡಳಿತದವರೊಂದಿಗೆ ಮಾತಾಯಿತು. ಆಸ್ಪತ್ರೆಯಲ್ಲಿ ಅಗತ್ಯ ಸಿಬ್ಬಂದಿ ಎಂದು ಪಟ್ಟಿ ಮಾಡುವಾಗ ಒಲೆ ಹಚ್ಚುವವರನ್ನು ಬಿಟ್ಟರೆ ಆ ಪಟ್ಟಿ ಅರ್ಧ.

ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನು ಇನ್‌ಚಾರ್ಜ್ ಇನ್ನೊಮ್ಮೆ ಅಡ್ಡಡ್ಡ ಓದಿದರು. ಈ ಸಲ ತಲೆಗಳ ಎಣಿಕೆ ಬಿಟ್ಟು, ವೆಂಟಿಲೇಟರ್ ಒಬ್ಬರೇ ನಿಭಾಯಿಸಬಲ್ಲವರ ಹೆಸರಿಗೆ ಕೆಂಪು ಚುಕ್ಕಿ ಇಡುತ್ತಾ ಹೋದರು. ಹದಿನೈದರಲ್ಲಿ ಅಂಥವರು ಏಳು. ಸೋಮವಾರ ಸಂಜೆಯ ಮೂರು ಹೆಸರಿನಲ್ಲಿ ಒಂದಕ್ಕೂ ಚುಕ್ಕಿ ಬೀಳಲಿಲ್ಲ. ಎಣಿಕೆಗೆ ಮೂವರು ಸರಿ ಇದ್ದರೂ ಆ ಸಂಜೆ ಐಸಿಯು ಖಾಲಿ ಇದ್ದ ಹಾಗೆಯೇ. ಅಂದಿನ ಸ್ಟ್ಯಾಂಡ್‌ಬೈ ಆಗಿದ್ದ ಮಂಗಳೂರಿನವಳು ಚುಕ್ಕಿಯವಳು. ಅವಳನ್ನು ಪಾಳಿಗೆ ತಂದು, ಪಾಳಿಯಲ್ಲಿದ್ದ ಮುಸ್ಲಿಂ ಸಿಸ್ಟರನ್ನು ಸ್ಟ್ಯಾಂಡ್‌ಬೈ ಮಾಡಿದರು. ಸಿಬ್ಬಂದಿ ತಮ್ಮತಮ್ಮಲ್ಲೇ ಪಾಳಿ ಬದಲಿಸಿಕೊಳ್ಳುವಾಗ ಆಗುವ ಅನಾಹುತ ಇದೇ. ಗೆಳತಿ ಗೆಳತಿಗೆ ಒಪ್ಪಿಸಿ ಹೋಗುತ್ತಾಳೆ, ಚುಕ್ಕಿ ಯಾರೂ ನೋಡುವುದಿಲ್ಲ. ಅದಕ್ಕೆ ಇಲ್ಲಿ ಬದಲಾವಣೆಗೆ ಅಡ್ಡಿಯಿಲ್ಲ, ಆದರೆ ಚುಕ್ಕಿಗೆ ಚುಕ್ಕಿಯವರೇ ಬರಬೇಕು, ಇಬ್ಬರ ಸಹಿಯೂ ಬೇಕು.

ಹಬ್ಬದ ನಾಲ್ಕು ದಿನ ಕೂಡಿಸಿದ ಮೇಲೆ ಕೆಲಸ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಇನ್‌ಚಾರ್ಜ್ ಮಾತ್ರ ಗುರುವಾರದ ಕಾಲಮಿಗೆ ಬಂದು ಬಹಳ ಹೊತ್ತು ನಿಂತರು. 23ರ ಬೆಳಿಗ್ಗೆ ಎಂಟಕ್ಕೆ ರಾತ್ರಿಯ ಮೂವರು ಇಳಿಯುತ್ತಾರೆ. ಉಳಿಯುವವರು ಹನ್ನೆರಡು. ಅಂದೇ ಓಟಿ ಶುರುವಾದರೆ ಎಂಟು ಹಾಸಿಗೆಯೂ ತುಂಬಿ ದಿನಕ್ಕೆ ಹನ್ನೆರಡು ಡ್ಯೂಟಿ ಬೇಕು. ಹನ್ನೆರಡಕ್ಕೆ ಹನ್ನೆರಡು. ನಾಲ್ಕು ದಿನ ಬಿಡದೆ ದುಡಿದವರಿಗೆ ಒಂದು ದಿನದ ವಿಶ್ರಾಂತಿಯೂ ಇಲ್ಲ. ಅವರಲ್ಲಿ ಐವರು ಬುಧವಾರ ರಾತ್ರಿ ಊರಿಂದ ಹೊರಟು ಬರುವವರು, ಅದೂ ಕಾಲಿಡಲು ಜಾಗವಿಲ್ಲದ ಹಬ್ಬದ ಮರಳುವ ಬಸ್ಸುಗಳಲ್ಲಿ. ಒಂದು ಬಸ್ಸು ತಡವಾದರೂ ಪಾಳಿ ಹರಿಯುತ್ತದೆ. ಹಬ್ಬದ ದಿನಗಳನ್ನು ಎಲ್ಲರೂ ಕಾಯುತ್ತಾರೆ. ಆಸ್ಪತ್ರೆ ನಿಜವಾಗಿ ಬರಿದಾಗುವುದು ಹಬ್ಬದ ಮಾರನೆಯ ಬೆಳಿಗ್ಗೆ.

ಅವರು ಮತ್ತೆ ಶಸ್ತ್ರಚಿಕಿತ್ಸಕರ ಕೋಣೆಗೆ ಹೋದರು. ದೊಡ್ಡ ಆಪರೇಷನ್‌ಗಳನ್ನು ಗುರುವಾರದ ಬದಲು ಶುಕ್ರವಾರ, 24ರಿಂದ ಶುರುಮಾಡಲು ಒಪ್ಪಿಸಿಕೊಂಡು ಬಂದರು. ಆಗ ಗುರುವಾರಕ್ಕೂ ಒಂಬತ್ತು ಮಂದಿ ಸಾಕು, ಮೂವರು ಮಿಗುತ್ತಾರೆ. ನಾಲ್ಕು ದಿನ ಹಗಲು ದುಡಿದ ಮಂಗಳೂರಿನವಳಿಗೆ, ಮುಸ್ಲಿಂ ಸಿಸ್ಟರಿಗೆ ಆಫ್. ತುಮಕೂರಿನವಳು ಸ್ಟ್ಯಾಂಡ್‌ಬೈ. ಬೆಳಗಿನ ಪಾಳಿಗೆ ಪೇಟೆಯ ಮೂವರು, ಯಾವ ಬಸ್ಸಿಗೂ ಕಾಯಬೇಕಿಲ್ಲದವರು. ಸಂಜೆಗೆ ಹಾಸನ, ಹೊನ್ನಾಳಿ, ಜಗಳೂರು. ರಾತ್ರಿಯ ಹೊಸ ಸರದಿಗೆ ರಾಣೆಬೆನ್ನೂರು, ಹರಪನಹಳ್ಳಿ ಮತ್ತು ಬೀದರ್. ಹೆಚ್ಚು ದಿನ ರಜೆ ಪಡೆದವರು ಮೊದಲ ನೈಟ್ ಹಿಡಿಯುತ್ತಾರೆ. ಬೀದರಿನ ಬಸ್ಸು ಮಧ್ಯಾಹ್ನಕ್ಕೆ ಬಂದರೂ ರಾತ್ರಿ ಎಂಟರ ಪಾಳಿಗೆ ಮುನ್ನ ಅವಳು ಮಲಗಿ ಏಳಬಹುದು.

ಇನ್ನು ಹಬ್ಬದ ದಿನ ದುಡಿದವರಿಗೆ ಬದಲಿ ರಜೆಯ ಮಾತು. 1963ರ ಕರ್ನಾಟಕದ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯ್ದೆ, ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ರಜಾದಿನ ಕೆಲಸ ಮಾಡಿಸಿಕೊಂಡರೆ ಎರಡರಷ್ಟು ವೇತನವನ್ನೋ, ಇಲ್ಲವೇ ವೇತನದ ಜೊತೆ ಬದಲಿ ರಜೆಯನ್ನೋ ಕೊಡಬೇಕೆನ್ನುತ್ತದೆ. ಕಾಂಪ್ ಆಫ್ ಎಂದು ಎಲ್ಲರೂ ಕರೆಯುವ ಈ ಬದಲಿ ರಜೆ ಎಷ್ಟೋ ಕಡೆ ಬಾಯಿಮಾತಿನಲ್ಲೇ ಉಳಿದು, ಮಾರ್ಚ್ ತಿಂಗಳಲ್ಲಿ ಸತ್ತುಹೋಗುತ್ತದೆ. ಇಲ್ಲಿ ದೀಪಾವಳಿಯ ಹಾಳೆಯ ಬಲಗಡೆಯ ಕೊನೆಯ ಕಾಲಮೇ ಅದು. ಸೋಮವಾರ, ಬುಧವಾರ ದುಡಿಯುವವರ ಹೆಸರಿನ ಎದುರು ನವೆಂಬರಿನ ಇಂಥ ದಿನಾಂಕ ಎಂದು ಸೆಪ್ಟೆಂಬರಿನಲ್ಲೇ ಬರೆಯುತ್ತಾರೆ. ದಿನಾಂಕವಿಲ್ಲದ ಕಾಂಪ್ ಆಫ್‌ಗೆ ಸಹಿ ಹಾಕಬೇಡಿ ಎಂದು ಸಿಬ್ಬಂದಿಗೆ ಇನ್‌ಚಾರ್ಜೇ ಹೇಳಿಕೊಟ್ಟಿದ್ದಾರೆ.

ಹೀಗೆ ಕೂತು ಬರೆಯುವ ಮುಂಚೆ ಈ ಘಟಕದಲ್ಲಿ ಏನಾಗುತ್ತಿತ್ತು ಎಂದು ಕೇಳಿದೆ. ಹಿಂದೆ ಒಂದು ಪಾಡ್ಯದ ಬೆಳಿಗ್ಗೆ ಏಳು ಗಂಟೆಯೊಳಗೆ ನಾಲ್ಕು ಫೋನು ಬಂದಿದ್ದವಂತೆ. ಒಬ್ಬಳಿಗೆ ಜ್ವರ, ಒಬ್ಬಳಿಗೆ ವಾಂತಿ, ಇಬ್ಬರಿಗೆ ಮನೆಯಲ್ಲಿ ಹುಷಾರಿಲ್ಲ. ನಾಲ್ವರೂ ರಜೆ ಕೇಳಿ ಇಲ್ಲ ಅನ್ನಿಸಿಕೊಂಡವರು. ರಾತ್ರಿಯವರನ್ನೇ ಮಧ್ಯಾಹ್ನದವರೆಗೆ ನಿಲ್ಲಿಸಿಕೊಂಡು ದಿನ ದೂಡಿದ್ದರು. ಹದಿನೆಂಟು ಗಂಟೆ ನಿಂತವರ ಕೈಯಲ್ಲಿ ಇನ್‌ಫ್ಯೂಷನ್ ಪಂಪಿನ ಲೆಕ್ಕ ತಪ್ಪದಿದ್ದದ್ದು ಆ ರೋಗಿಗಳ ಅದೃಷ್ಟ. ಆ ನಾಲ್ವರಿಗೆ ಮೆಮೋ ಕೊಡಲು ಹೇಳಿದಾಗ ಇನ್‌ಚಾರ್ಜ್ ಒಪ್ಪಲಿಲ್ಲ. ನಿಜ ಹೇಳಿ ಕೇಳಿದ್ದಕ್ಕೆ ಇಲ್ಲವೆಂದ ಮೇಲೆ ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಕೊಡುವುದು ತಮ್ಮಿಂದ ಆಗದು ಎಂದರಂತೆ. ಹಬ್ಬದ ದಿನದ ಅನಾರೋಗ್ಯದ ಫೋನುಗಳನ್ನು ಅವರು ಈಗಲೂ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಯಾರನ್ನೂ ಹಿಡಿಯುವುದಕ್ಕಲ್ಲ. ರಜೆ ಸಿಗದವರ ಹೆಸರಿನ ಎದುರೇ ಆ ಗುರುತುಗಳು ಗುಂಪಾಗಿ ಬಂದರೆ ಆ ವರ್ಷದ ಹಂಚಿಕೆ ಎಲ್ಲೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ.

ಈ ಕ್ರಮಕ್ಕೂ ಮಿತಿ ಇದೆ. ಹದಿನೈದು ಜನರಲ್ಲಿ ಹಂಚಿಕೊಳ್ಳಬಹುದು, ಒಬ್ಬರೇ ಇರುವ ಹುದ್ದೆಯಲ್ಲಿ ಹಂಚಲು ಏನಿದೆ? ಇದೇ ಕಟ್ಟಡದಲ್ಲಿ ಆಕ್ಸಿಜನ್ ಪೂರೈಕೆ ನೋಡುವವರು ಹಗಲಿಗೊಬ್ಬರು, ರಾತ್ರಿಗೊಬ್ಬರು. ರಕ್ತನಿಧಿಯ ರಾತ್ರಿಯ ಟೆಕ್ನೀಷಿಯನ್ ಒಬ್ಬರೇ. ಅಂಥವರಿಗೆ ವರ್ಷ ವರ್ಷವೂ ಇಲ್ಲ ಎನ್ನುವುದೇ ರೂಢಿಯಾಗಿಬಿಟ್ಟಿರುತ್ತದೆ. ಅದಕ್ಕೆ ಮದ್ದು ಅಕ್ಟೋಬರಿನ ಚಾರ್ಟಿನಲ್ಲಿಲ್ಲ. ಜೂನ್ ಜುಲೈಯಲ್ಲೇ ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿ ಕಲಿಸಿರಬೇಕು, ಕಲಿತವರು ಹಬ್ಬಕ್ಕೆ ಮೊದಲು ಒಂದೆರಡು ಪಾಳಿ ಒಬ್ಬರೇ ಮಾಡಿರಬೇಕು. ರಕ್ತನಿಧಿಯ ಆ ಟೆಕ್ನೀಷಿಯನ್‌ಗೆ ಈ ಸಲವೂ ದೀಪಾವಳಿಗೆ ಊರಿಗೆ ಹೋಗಲಾಗಲಿಲ್ಲ. ಅವರ ಮನೆ ಚನ್ನಗಿರಿ ಹತ್ತಿರದ ಹಳ್ಳಿ, ಹಟ್ಟಿ ಹಬ್ಬದ ಮನೆ. ಹಗಲಿನ ಪ್ರಯೋಗಾಲಯದ ಒಬ್ಬ ಹುಡುಗನನ್ನು ನವೆಂಬರಿನಿಂದ ಅವರ ಜೊತೆ ರಾತ್ರಿ ಪಾಳಿಗೆ ಹಾಕುವುದೆಂದು ಈಗ ತೀರ್ಮಾ‌ನವಾಗಿದೆ. ಪುಸ್ತಕದ ಹೊಸ ಪುಟದಲ್ಲಿ, 2026ರ ಬಲಿಪಾಡ್ಯಮಿಯ ಮೊದಲ ಸಾಲಿನಲ್ಲಿ, ಅವರ ಹೆಸರಿದೆ.